ಎರಡು ಸಲ ಓಡಿಸಿದರೆ ಎರಡು ಉತ್ತರ: ಒಂದು ಬಾವಿಯ ಲೆಕ್ಕ ತಪ್ಪಿದ್ದು ಹೇಗೆ

ಈ ಪ್ರಕರಣ ನಡೆದದ್ದು ಅಂತರ್ಜಲದ ದಾಖಲೆಗಳನ್ನು ನೋಡಿಕೊಳ್ಳುವ ಒಂದು ಸಣ್ಣ ತಂಡದಲ್ಲಿ. ಊರು, ಕಚೇರಿ, ಜನರ ಹೆಸರು ಇಲ್ಲಿಲ್ಲ. ಅಂಕಿಗಳನ್ನು ಗುರುತು ಸಿಗದಷ್ಟು ಬದಲಿಸಿ ದುಂಡು ಮಾಡಿದ್ದೇನೆ. ಆದರೆ ಅಂಕಿಗಳು ಒಂದಕ್ಕೊಂದು ಹೊಂದುವ ರೀತಿ ನಮ್ಮಲ್ಲಿ ಇದ್ದಂತೆಯೇ ಇದೆ.

ಹಿನ್ನೆಲೆ

ಬಯಲುಸೀಮೆಯ ಒಂದು ತಾಲೂಕಿನಲ್ಲಿ ಅರವತ್ತು ವೀಕ್ಷಣಾ ಬಾವಿಗಳಿವೆ. ಪ್ರತಿ ವರ್ಷ ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ನೆಲದಿಂದ ಎಷ್ಟು ಮೀಟರ್ ಕೆಳಗೆ ನೀರಿದೆ ಅಂತ ಅಳೆದು ಬರೆಯುತ್ತಾರೆ. ಮೊದಲು ಕೈಗೆತ್ತಿಕೊಂಡ ಬಾವಿಗೆ 1991ರಿಂದ 2020ರವರೆಗೆ ಮೂವತ್ತು ಅಳತೆಗಳಿದ್ದವು. ನೀರು 18 ಮೀಟರಿನಿಂದ ಹೆಚ್ಚುಕಡಿಮೆ 30 ಮೀಟರಿಗೆ ಇಳಿದಿತ್ತು.

ಕೇಳಿದ ಪ್ರಶ್ನೆ ಸರಳ. ಇದೇ ಗತಿಯಲ್ಲಿ ಹೋದರೆ 2030ರ ಹೊತ್ತಿಗೆ ಸರಾಸರಿ ಮಟ್ಟ 35 ಮೀಟರ್ ದಾಟುವ ಸಂಭವ ಎಷ್ಟು? ಅಲ್ಲಿನ ಪಂಪುಗಳು ಇಳಿಬಿಟ್ಟಿರುವ ಆಳ ಅಷ್ಟು, ಹಾಗಾಗಿ ಈ ಪ್ರಶ್ನೆ.

ಮಾದರಿಯೂ ಸರಳವೇ. ಆಳ = a + b × ವರ್ಷ, ಜೊತೆಗೆ ಏರಿಳಿತ σ. ಒಂದೆರಡು ಬರಗಾಲದ ವರ್ಷಗಳ ಅಳತೆ ಗೆರೆಯಿಂದ ತೀರಾ ದೂರ ಇದ್ದುದರಿಂದ, ಏರಿಳಿತಕ್ಕೆ ನಾರ್ಮಲ್ ಬದಲು ಬಾಲ ದಪ್ಪಗಿರುವ ಸ್ಟೂಡೆಂಟ್-ಟಿ ಹಂಚಿಕೆ ಹಾಕಿದ್ದರು. ಅದು ಒಳ್ಳೆಯ ನಿರ್ಧಾರವೇ. ಆದರೆ ಹಾಗೆ ಮಾಡಿದ ಮೇಲೆ ಉತ್ತರಕ್ಕೆ ಸಿದ್ಧ ಸೂತ್ರ ಇರುವುದಿಲ್ಲ. "ಸಂಭವ ಎಷ್ಟು" ಅನ್ನುವುದು a, b, σ ಮೂರರ ಮೇಲಿನ ಒಂದು ಇಂಟಿಗ್ರಲ್ ಆಗುತ್ತದೆ. ಅದನ್ನು ಬಿಡಿಸಲು ರ‍್ಯಾಂಡಮ್ ವಾಕ್ ಮೆಟ್ರೊಪೊಲಿಸ್ ಬಳಸಿದರು.

ಆ ವಿಧಾನ ಹೀಗೆ. ಈಗ ನಿಂತ ಜಾಗದಿಂದ ಯಾವುದೋ ದಿಕ್ಕಿಗೆ ಒಂದು ಹೆಜ್ಜೆ ಇಡಲು ನೋಡುತ್ತೀರಿ. ಹೊಸ ಜಾಗದ ಸಂಭವ ಜಾಸ್ತಿ ಇದ್ದರೆ ಹೋಗುತ್ತೀರಿ. ಕಡಿಮೆ ಇದ್ದರೆ, ಎರಡರ ಅನುಪಾತ ಎಷ್ಟೋ ಅಷ್ಟು ಸಂಭವದಲ್ಲಿ ಮಾತ್ರ ಹೋಗುತ್ತೀರಿ. ಹೋಗದಿದ್ದರೆ ಹಳೆ ಜಾಗವನ್ನೇ ಇನ್ನೊಮ್ಮೆ ಬರೆದುಕೊಳ್ಳಬೇಕು. ಇದನ್ನು ಮರೆಯುವವರು ಬಹಳ ಜನ. ಮರೆತರೆ ಲೆಕ್ಕವೇ ತಪ್ಪು. ಹೀಗೆ ನಡೆದ ಹೆಜ್ಜೆಗಳ ಸಾಲಿಗೆ ಚೈನ್ ಅನ್ನುತ್ತಾರೆ. ಸಾವಿರಾರು ಹೆಜ್ಜೆ ನಡೆದು, ಅದರಲ್ಲಿ ಎಷ್ಟು ಪಾಲು ಹೆಜ್ಜೆಗಳಲ್ಲಿ 2030ರ ಗೆರೆ 35 ಮೀಟರ್ ದಾಟಿತ್ತು ಅಂತ ಎಣಿಸಿದರೆ, ಅದೇ ಇಂಟಿಗ್ರಲ್‌ನ ಅಂದಾಜು.

ಸಮಸ್ಯೆ

ವಿಶ್ಲೇಷಣೆ ಮಾಡಿದ ಯುವತಿ ಕೆಲಸಕ್ಕೆ ಸೇರಿ ಒಂದು ವರ್ಷ ಆಗಿತ್ತು. 5,000 ಹೆಜ್ಜೆ ಓಡಿಸಿ, ಮೊದಲ 500 ಬಿಸಾಕಿ, ಉಳಿದ 4,500ರಿಂದ ಉತ್ತರ ಕೊಟ್ಟಿದ್ದರು: ಸಂಭವ 14%, ಲೆಕ್ಕದ ದೋಷ 1%ಗಿಂತ ಕಡಿಮೆ. ಆ ದೋಷ ಬಂದದ್ದು ನಮಗೆಲ್ಲ ಗೊತ್ತಿರುವ ಸೂತ್ರದಿಂದ, ಅಂದರೆ ಚೆದುರುವಿಕೆಯನ್ನು √4500ರಿಂದ ಭಾಗಿಸಿ.

ವರದಿ ಕಳಿಸುವ ಹಿಂದಿನ ದಿನ ಫೈಲ್ ಎಲ್ಲೋ ಕಳೆದು, ಅವರು ಅದೇ ಕೋಡನ್ನು ಇನ್ನೊಮ್ಮೆ ಓಡಿಸಿದರು. ರ‍್ಯಾಂಡಮ್ ಸಂಖ್ಯೆಗಳ ಸಾಲನ್ನು ಶುರುಮಾಡುವ ಸಂಖ್ಯೆ, ಅಂದರೆ ಸೀಡ್, ಬರೆದಿಟ್ಟಿರಲಿಲ್ಲ. ಸಂಜೆ ನನ್ನ ಮೇಜಿನ ಹತ್ತಿರ ಬಂದರು.

"ಸರ್, ಈಗ 31% ಬಂತು. ಕೋಡಲ್ಲಿ ಒಂದು ಅಕ್ಷರ ಮುಟ್ಟಿಲ್ಲ."

"ಮತ್ತೊಂದು ಸಲ ಓಡಿಸಿ ನೋಡಿದ್ರಾ?"

"ಹೂಂ. 22."

ಫೈಲ್ ಕಳೆದಿರದಿದ್ದರೆ 14% ಅಂತಲೇ ಅಚ್ಚಾಗುತ್ತಿತ್ತು. ಒಂದೇ ಸಲ ಓಡಿಸಿದ ಚೈನ್ ತನ್ನ ಮೇಲೆ ತಾನೇ ಅನುಮಾನ ಹುಟ್ಟಿಸುವುದಿಲ್ಲ, ಅಲ್ವಾ?

ಅವರು ಮೊದಲು ನೋಡಿದ್ದು ಅಕ್ಸೆಪ್ಟೆನ್ಸ್ ಪ್ರಮಾಣ. ಹೆಜ್ಜೆಗಳಲ್ಲಿ ಸುಮಾರು 35% ಒಪ್ಪಿಗೆಯಾಗಿದ್ದವು. ಎಲ್ಲ ಪುಸ್ತಕಗಳೂ ಹೇಳುವುದು ಅಷ್ಟನ್ನೇ: ಒಂದೇ ಪ್ಯಾರಾಮೀಟರ್ ಇದ್ದರೆ 44% ಹತ್ತಿರ, ತುಂಬಾ ಇದ್ದರೆ 23% ಹತ್ತಿರ. ಮೂರು ಪ್ಯಾರಾಮೀಟರಿಗೆ 35% ಅಂದರೆ ಚೆನ್ನಾಗಿಯೇ ಇದೆ. ಆ ಅಂಕಿಯೇ ನಮ್ಮನ್ನು ಅರ್ಧ ದಿನ ದಾರಿ ತಪ್ಪಿಸಿತು.

ಏನೇನು ಮಾಡಿ ನೋಡಿದೆವು

ಮೊದಲ ಅನುಮಾನ ಬರ್ನ್-ಇನ್ ಮೇಲೆ. ಚೈನ್ ಶುರುವಾದದ್ದು a = 0, b = 0 ಇಂದ. ನಿಜವಾದ ಜಾಗ a = −20, b = 0.42 ಹತ್ತಿರ. ಶುರುವಿನ ಜಾಗದ ನೆನಪು ಅಳಿಯುವವರೆಗಿನ ಹೆಜ್ಜೆಗಳನ್ನು ಬಿಸಾಕುವುದೇ ಬರ್ನ್-ಇನ್. ಇದು ಈ ವಿಧಾನದಷ್ಟೇ ಹಳೆಯದು. 1953ರಲ್ಲಿ ಲಾಸ್ ಅಲಾಮೋಸ್‌ನಲ್ಲಿ ಮೆಟ್ರೊಪೊಲಿಸ್ ಮತ್ತು ಸಂಗಡಿಗರು 224 ಕಣಗಳನ್ನು ಸಾಲಾಗಿ ಜೋಡಿಸಿ ಶುರುಮಾಡಿದಾಗಲೂ ಮೊದಲ 16 ಸುತ್ತುಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಅವರು 500 ಅಂತ ಹೇಗೆ ನಿರ್ಧರಿಸಿದ್ದರು ಅಂದರೆ, ಲಾಗ್-ಪೋಸ್ಟೀರಿಯರ್, ಅಂದರೆ ನಿಂತ ಜಾಗದ ಸಂಭವದ ಲಾಗ್, ಅದರ ಗ್ರಾಫ್ ನೋಡಿ. ಅದು ಮೊದಲ ಇನ್ನೂರು ಹೆಜ್ಜೆಗಳಲ್ಲಿ ಭರ‍್ರನೆ ಏರಿ ಆಮೇಲೆ ಸಮತಟ್ಟಾದ ಹಾಗೆ ಕಾಣುತ್ತಿತ್ತು. ನಾವು b ಒಂದನ್ನೇ ತೆಗೆದು ಪ್ಲಾಟ್ ಮಾಡಿದೆವು. ಅದು ಇನ್ನೂರರ ಹೊತ್ತಿಗೆ 0.11ಕ್ಕೆ ಬಂದು, ಅಲ್ಲಿಂದ ಎರಡು ಸಾವಿರದವರೆಗೂ ನಿಧಾನಕ್ಕೆ ಹತ್ತುತ್ತಲೇ ಇತ್ತು. ಲಾಗ್-ಪೋಸ್ಟೀರಿಯರ್ ಗ್ರಾಫಿನಲ್ಲಿ ಮೊದಲ ಏರಿಕೆ ಎಷ್ಟು ದೊಡ್ಡದೆಂದರೆ, ಅದರ ಮುಂದೆ ಈ ಎರಡನೇ ಏರಿಕೆ ಗೆರೆಯ ದಪ್ಪದಲ್ಲೇ ಮುಚ್ಚಿಹೋಗಿತ್ತು. ಬರ್ನ್-ಇನ್ ನೋಡಬೇಕಾದದ್ದು ನಮಗೆ ಬೇಕಾದ ಪರಿಮಾಣದಲ್ಲಿ, ಬೇರೆಯದರಲ್ಲಿ ಅಲ್ಲ ಅಂತ ಅವತ್ತು ಕಣ್ಣಾರೆ ಕಂಡೆವು.

ಬರ್ನ್-ಇನ್ ಅನ್ನು 2,500ಕ್ಕೆ ಏರಿಸಿದೆವು. ಶುರುವಿನ ವಾಲು ಹೋಯಿತು. ಆದರೆ ಬೇರೆ ಬೇರೆ ಸೀಡ್‌ಗಳ ಉತ್ತರಗಳು ಮೊದಲಿನಷ್ಟೇ ಚೆದುರಿದ್ದವು. ಶುರುವಿನ ವಾಲು ಒಂದು ಕಾಯಿಲೆ, ಚೆದುರುವಿಕೆ ಇನ್ನೊಂದು. ಬರ್ನ್-ಇನ್ ಮೊದಲನೆಯದಕ್ಕೆ ಮಾತ್ರ ಮದ್ದು.

ಎರಡನೆಯ ಯತ್ನ, ಹೆಜ್ಜೆ ಚಿಕ್ಕದು ಮಾಡುವುದು. "ಅಕ್ಸೆಪ್ಟೆನ್ಸ್ ಜಾಸ್ತಿ ಆದ್ರೆ ಜಾಸ್ತಿ ಓಡಾಡುತ್ತೆ" ಅಂತ ತಂಡದಲ್ಲಿ ಒಬ್ಬರ ವಾದ. ಹೆಜ್ಜೆಯನ್ನು ಮೂರನೇ ಒಂದು ಭಾಗ ಮಾಡಿದಾಗ ಒಪ್ಪಿಗೆ ಶೇಕಡಾ ಎಪ್ಪತ್ತು ದಾಟಿತು, ಚೈನ್ ಮಾತ್ರ ಇನ್ನಷ್ಟು ತೆವಳಿತು. ಎಲ್ಲ ಹೆಜ್ಜೆಗೂ ಒಪ್ಪಿಗೆ ಸಿಗುತ್ತಿದೆ ಅಂದರೆ ಎಲ್ಲಿಗೂ ಹೋಗುತ್ತಿಲ್ಲ ಅಂತಲೂ ಇರಬಹುದು.

ಮೂರನೆಯದು ತೆಳುವು ಮಾಡುವುದು, ಅಂದರೆ ಹತ್ತಕ್ಕೆ ಒಂದು ಸ್ಯಾಂಪಲ್ ಮಾತ್ರ ಇಟ್ಟುಕೊಳ್ಳುವುದು. ಗ್ರಾಫ್ ನೋಡಲು ಚೆನ್ನಾಯಿತು, ಉತ್ತರ ಸುಧಾರಿಸಲಿಲ್ಲ. ಯಾಕೆ ಅನ್ನುವುದಕ್ಕೆ ಈಗ ಸ್ವಲ್ಪ ಲೆಕ್ಕ ಬೇಕು.

ನಾಲ್ಕೂವರೆ ಸ್ಯಾಂಪಲ್

ಚೈನಿನಲ್ಲಿ ಒಂದು ಬೆಲೆ ಹಿಂದಿನ ಬೆಲೆಗೆ ಅಂಟಿಕೊಂಡೇ ಇರುತ್ತದೆ. k ಹೆಜ್ಜೆ ದೂರದ ಎರಡು ಬೆಲೆಗಳ ನಡುವಿನ ಅಂಟಿಗೆ ಆಟೋಕೊರಿಲೇಶನ್ ρ(k) ಅನ್ನುತ್ತಾರೆ. ಎಲ್ಲ ದೂರಗಳ ಅಂಟನ್ನೂ ಕೂಡಿಸಿದರೆ ಸಿಗುವುದು ಈ ಸಂಖ್ಯೆ:

```
τ = 1 + 2·(ρ(1) + ρ(2) + ρ(3) + ...)
ESS = N / τ
ದೋಷ = ಚೆದುರುವಿಕೆ / √ESS
```

τ ಅಂದರೆ ಒಂದು ಸ್ವತಂತ್ರ ಸ್ಯಾಂಪಲಿಗೆ ಸಮನಾದದ್ದು ಸಿಗಲು ಎಷ್ಟು ಹೆಜ್ಜೆ ಖರ್ಚಾಗುತ್ತದೆ ಅನ್ನುವುದು. N ಹೆಜ್ಜೆ ನಡೆದರೂ ನಿಜಕ್ಕೂ ಲೆಕ್ಕಕ್ಕೆ ಬರುವ ಸ್ಯಾಂಪಲ್‌ಗಳು N/τ ಮಾತ್ರ. ಇದೇ ಎಫೆಕ್ಟಿವ್ ಸ್ಯಾಂಪಲ್ ಸೈಜ್, ಅಂದರೆ ಇಎಸ್‌ಎಸ್.

ನಮ್ಮ b ಚೈನಿನಲ್ಲಿ ಅಕ್ಕಪಕ್ಕದ ಬೆಲೆಗಳ ಕೊರಿಲೇಶನ್ ಸುಮಾರು 0.998. ಪ್ರತಿ ಹೆಜ್ಜೆಗೆ ಅಂಟು ಅದೇ ಪ್ರಮಾಣದಲ್ಲಿ ಕರಗುತ್ತದೆ ಅಂದುಕೊಂಡರೆ (ಇಲ್ಲಿ ಹೆಚ್ಚುಕಡಿಮೆ ಹಾಗೇ ಇತ್ತು) τ = (1 + 0.998)/(1 − 0.998), ಅಂದರೆ ಹೆಚ್ಚುಕಡಿಮೆ ಸಾವಿರ. 4,500 ಹೆಜ್ಜೆಗಳಲ್ಲಿ ಲೆಕ್ಕಕ್ಕೆ ಬಂದದ್ದು ನಾಲ್ಕೂವರೆ ಸ್ಯಾಂಪಲ್.

ಈಗ ಅವರ ಉತ್ತರಗಳನ್ನು ನೋಡಿ. ದಾಟಿತು ಅಂದರೆ 1, ಇಲ್ಲವಾದರೆ 0. ಸರಿಯಾದ ಸಂಭವ 26% ಆಸುಪಾಸು ಅಂತ ಆಮೇಲೆ ಗೊತ್ತಾಯಿತು. ಸಂಭವ ಅಷ್ಟಿದ್ದಾಗ ಇದರ ಚೆದುರುವಿಕೆ 0.44. ಅದನ್ನು √4500ರಿಂದ ಭಾಗಿಸಿದರೆ 0.007, ವರದಿಯಲ್ಲಿ ಇದ್ದದ್ದು ಇದೇ. √4.5ರಿಂದ ಭಾಗಿಸಿದರೆ 0.21. ಅಂದರೆ ದೋಷ 21 ಶೇಕಡಾಂಶ! 14, 31, 22 ಅಂತ ಬಂದದ್ದರಲ್ಲಿ ಆಶ್ಚರ್ಯ ಇಲ್ಲ. ಇನ್ನೂ ದೂರ ದೂರ ಬರಬಹುದಿತ್ತು.

ತೆಳುವು ಮಾಡಿದ್ದು ಯಾಕೆ ಕೈಕೊಟ್ಟಿತು ಅನ್ನುವುದೂ ಇಲ್ಲೇ ಇದೆ. ಹತ್ತು ಹೆಜ್ಜೆ ದೂರದಲ್ಲಿ ಅಂಟು 0.998ರ ಹತ್ತನೇ ಘಾತ, ಅಂದರೆ 0.98. ಹೊಸ τ ಸುಮಾರು 99. ಉಳಿದ ಸ್ಯಾಂಪಲ್ 450. ಭಾಗಿಸಿದರೆ ಮತ್ತೆ ಅದೇ ನಾಲ್ಕೂವರೆ. ಡಿಸ್ಕ್ ಜಾಗ ಉಳಿಯುತ್ತದೆ, ಅಷ್ಟೇ.

ಬರ್ನ್-ಇನ್ ಎಷ್ಟು ಬೇಕಿತ್ತು ಅನ್ನುವುದನ್ನೂ ಇದೇ 0.998 ಹೇಳುತ್ತದೆ. ಐನೂರು ಹೆಜ್ಜೆ ಆದ ಮೇಲೂ ಶುರುವಿನ ನೆನಪು ಶೇಕಡಾ 37ರಷ್ಟು ಉಳಿದಿರುತ್ತದೆ. 2,500 ಆದ ಮೇಲೆ ಶೇಕಡಾ ಒಂದಕ್ಕಿಂತ ಕಡಿಮೆ. b = 0.11 ಅನ್ನುವ ಜಾಗ ಸರಿಯಾದ ಜಾಗದಿಂದ ಏಳು ಸ್ಟ್ಯಾಂಡರ್ಡ್ ಡೀವಿಯೇಶನ್ ದೂರ ಇತ್ತು. ಏಳರಲ್ಲಿ ಶೇಕಡಾ 37 ಅಂದರೆ ಎರಡೂವರೆ. ಮೊದಲ ವರದಿ ಅಲ್ಲಿಂದ ಎಣಿಕೆ ಶುರುಮಾಡಿತ್ತು. ಇಳಿಯುವ ವೇಗ ಕಡಿಮೆ ಕಂಡದ್ದಕ್ಕೆ, 14% ಬಂದದ್ದಕ್ಕೆ, ಇದೂ ಒಂದು ಕಾರಣ.

ಇಲ್ಲಿ ಒಂದು ಕೊಕ್ಕೆ ಇದೆ. τ ಅನ್ನು ಅಳೆಯಬೇಕಾದದ್ದೂ ಅದೇ ಚೈನಿನಿಂದ. ನಾವು 4,500ರ ಚೈನ್ ಮೇಲೆ ಈ ಫಂಕ್ಷನ್ ಓಡಿಸಿದೆವು:

```python
def tau(x, c=5):
    x = x - x.mean()
    n = len(x)
    f = np.fft.rfft(x, 2*n)
    r = np.fft.irfft(f * np.conj(f))[:n]
    t = 2*np.cumsum(r / r[0]) - 1
    m = np.argmax(np.arange(n) >= c*t)
    return t[m]
```

ದೂರದ ρ(k)ಗಳು ಬರೀ ಗದ್ದಲ. ಎಲ್ಲವನ್ನೂ ಕೂಡಿಸಿದರೆ ಗದ್ದಲವೇ ಜಾಸ್ತಿಯಾಗುತ್ತದೆ. ಅದಕ್ಕೇ ಈ ಫಂಕ್ಷನ್ τಯ ಐದು ಪಟ್ಟು ದೂರ ಹೋದ ಮೇಲೆ ಕೂಡುವುದನ್ನು ನಿಲ್ಲಿಸುತ್ತದೆ. ಮೊದಲ ಚೈನಿಗೆ ಅದು ಕೊಟ್ಟ τ ಸುಮಾರು 300. ನಿಜಕ್ಕೆ ಮೂರನೇ ಒಂದು ಭಾಗ. ಯಾಕೆಂದರೆ ಸಾವಿರ ಹೆಜ್ಜೆಗೊಮ್ಮೆ ತಿರುಗುವ ಅಲೆಯನ್ನು ನಾಲ್ಕು ಸಾವಿರ ಹೆಜ್ಜೆಯಲ್ಲಿ ನೋಡಿ ಅಳೆಯಲು ಆಗುವುದಿಲ್ಲ. ಚೈನ್ ಕಡೇಪಕ್ಷ τಯ ಐವತ್ತು ಪಟ್ಟು ಉದ್ದ ಇರಬೇಕು ಅನ್ನುವ ರೂಢಿ ಹುಟ್ಟಿದ್ದು ಇದಕ್ಕೇ. ನಮಗೆ ಅದು ಐವತ್ತು ಸಾವಿರ. ಗಿಡ್ಡ ಚೈನ್ ತಪ್ಪುವುದು ಸಾಮಾನ್ಯವಾಗಿ ತನ್ನ ಪರವಾಗಿಯೇ ಅನ್ನುವುದನ್ನು ನೆನಪಿಟ್ಟುಕೊಳ್ಳಿ: τ ಕಡಿಮೆ ತೋರುತ್ತದೆ, ಇಎಸ್‌ಎಸ್ ಜಾಸ್ತಿ ತೋರುತ್ತದೆ.

ಕಾರಣ ಸಿಕ್ಕಿದ್ದು ವರ್ಷದ ಕಾಲಮ್ಮಿನಲ್ಲಿ

ಇಷ್ಟು ಸರಳ ಮಾದರಿಗೆ τ ಸಾವಿರ ಯಾಕೆ? a ಮತ್ತು bಯನ್ನು ಒಂದರ ಮೇಲೊಂದು ಪ್ಲಾಟ್ ಮಾಡಿದಾಗ ಉತ್ತರ ಪರದೆಯ ಮೇಲೇ ಇತ್ತು. ಚುಕ್ಕೆಗಳು ಮೋಡದ ಹಾಗೆ ಇರಬೇಕಿತ್ತು. ಇದ್ದದ್ದು ಸೂಜಿಯ ಹಾಗೆ, ಓರೆಯಾಗಿ, ಉದ್ದಕ್ಕೆ.

ಹಳೆಯ ರಿಜಿಸ್ಟರಿನಲ್ಲಿ ವರ್ಷವನ್ನು 91, 92 ಅಂತ ಎರಡೇ ಅಂಕಿಯಲ್ಲಿ ಬರೆದಿದ್ದರು. ಕಂಪ್ಯೂಟರಿಗೆ ಹಾಕಿದವರು 99 ಆದ ಮೇಲೆ 100, 101 ಅಂತ ಮುಂದುವರಿಸಿ 120ಕ್ಕೆ ನಿಲ್ಲಿಸಿದ್ದರು. ಲೆಕ್ಕದ ದೃಷ್ಟಿಯಿಂದ ಅದು ತಪ್ಪಲ್ಲ. ಆದರೆ ಹಾಗೆ ಮಾಡಿದಾಗ a ಅಂದರೆ ವರ್ಷ ಸೊನ್ನೆ, ಅಂದರೆ 1900ರಲ್ಲಿ ನೀರು ಎಷ್ಟು ಆಳದಲ್ಲಿತ್ತು ಅನ್ನುವುದು! ನಮ್ಮ ಮೊದಲ ಅಳತೆಗೆ 91 ವರ್ಷ ಹಿಂದೆ.

ಏತ ನೋಡಿದವರಿಗೆ ಇದು ತಕ್ಷಣ ಹೊಳೆಯುತ್ತದೆ. ಮರದ ಒಂದು ತುದಿ ಸ್ವಲ್ಪ ಅಲ್ಲಾಡಿದರೆ ದೂರದ ತುದಿ ಮಾರುಗಟ್ಟಲೆ ತೂಗುತ್ತದೆ. ಗೆರೆ ಅಳತೆಗಳ ಮಧ್ಯದಲ್ಲಿ, 2005ರ ಹತ್ತಿರ, 24 ಮೀಟರ್ ಮೂಲಕ ಹಾದುಹೋಗಲೇಬೇಕು. ಅಲ್ಲಿ ಅದಕ್ಕಿರುವ ಸಡಿಲ ಬರೀ 0.37 ಮೀಟರ್. ಓರೆ bಗೆ ಇರುವ ಸಡಿಲ ವರ್ಷಕ್ಕೆ 0.042 ಮೀಟರ್. b ಅಷ್ಟು ಬದಲಾದರೆ, ಗೆರೆ ಮಧ್ಯದಲ್ಲಿ ಅಲುಗದಿರಲು a 0.042 × 105.5, ಅಂದರೆ 4.4 ಮೀಟರ್ ಬದಲಾಗಬೇಕು. ಅದೂ ಎರಡೂ ಒಟ್ಟಿಗೆ, ವಿರುದ್ಧ ದಿಕ್ಕಿಗೆ.

ಆದರೆ ನಮ್ಮ ಹೆಜ್ಜೆ aಗೆ ಒಂದು, bಗೆ ಒಂದು, ಒಂದಕ್ಕೊಂದು ಸಂಬಂಧ ಇಲ್ಲದ ಹಾಗೆ ಇತ್ತು. ಕತ್ತಲಲ್ಲಿ ಗದ್ದೆಯ ಬದುವಿನ ಮೇಲೆ ನಡೆಯುವವನ ಪಾಡು. ಬದು ಉದ್ದಕ್ಕಿದೆ, ಅಗಲ ಒಂದು ಗೇಣು. ಯಾವ ದಿಕ್ಕಿಗೆ ಹೆಜ್ಜೆ ಇಡಬೇಕೋ ಗೊತ್ತಿಲ್ಲದವನು ದೊಡ್ಡ ಹೆಜ್ಜೆ ಹಾಕಿದರೆ ಕೆಸರಿಗೆ ಬೀಳುತ್ತಾನೆ. ಹಾಗಾಗಿ ಬದುವಿನ ಅಗಲದಷ್ಟೇ ಹೆಜ್ಜೆ. ಒಪ್ಪಿಗೆ 35% ಸಿಕ್ಕಿದ್ದು ಈ ಅಗಲಕ್ಕೆ ಹೊಂದಿಸಿಕೊಂಡದ್ದರಿಂದ. ಉದ್ದಕ್ಕೆ ಎಷ್ಟು ನಡೆದ ಅನ್ನುವುದನ್ನು ಆ ಅಂಕಿ ಹೇಳುವುದೇ ಇಲ್ಲ. ಗೊತ್ತುಗುರಿ ಇಲ್ಲದ ನಡಿಗೆಯಲ್ಲಿ ಹತ್ತು ಪಟ್ಟು ದೂರಕ್ಕೆ ನೂರು ಪಟ್ಟು ಹೆಜ್ಜೆ ಬೇಕು. ನಮ್ಮ ಸಾವಿರ ಬಂದದ್ದು ಆ ವರ್ಗದಿಂದ.

ಮದ್ದು ಒಂದೇ ಸಾಲು:

```python
yc = year - year.mean()
```

ವರ್ಷದಿಂದ 105.5 ಕಳೆದೆವು. ಈಗ a ಅಂದರೆ ಅಳತೆಗಳ ಮಧ್ಯದ ಮಟ್ಟ. ಗೆರೆ ಅದೇ, ಉತ್ತರ ಅದೇ. ಬದು ಮಾತ್ರ ತೆನೆ ಒಕ್ಕುವ ದುಂಡಗಿನ ಕಣವಾಯಿತು. ಹೆಜ್ಜೆಯ ಅಳತೆಯನ್ನೂ ಆಯಾ ಪ್ಯಾರಾಮೀಟರಿನ ಸಡಿಲಕ್ಕೆ ತಕ್ಕಂತೆ ಇಟ್ಟೆವು. ಪ್ರತಿಯೊಂದರ ಸಡಿಲಕ್ಕೆ 2.38/√3 ಪಟ್ಟು, ಅಂದರೆ ಸುಮಾರು 1.4 ಪಟ್ಟು. aಗೆ 0.5 ಮೀಟರ್, bಗೆ 0.058. ಮೊದಲು bಗೆ ಇದ್ದದ್ದು 0.006.

ಏನಾಯಿತು

ಅಕ್ಸೆಪ್ಟೆನ್ಸ್ ಮೊದಲಿದ್ದದ್ದಕ್ಕೆ ಹತ್ತಿರವೇ ಉಳಿಯಿತು. τ ಸಾವಿರದಿಂದ ಹತ್ತಕ್ಕೆ ಇಳಿಯಿತು.

ಲೆಕ್ಕದ ದೋಷ ಒಂದು ಶೇಕಡಾಂಶಕ್ಕೆ ಬರಬೇಕಾದರೆ ಇಎಸ್‌ಎಸ್ (0.44/0.01)², ಅಂದರೆ ಸುಮಾರು 1,940 ಬೇಕು. ಹಳೆಯ ಚೈನಿಗೆ ಅದು ಹತ್ತೊಂಬತ್ತು ಲಕ್ಷ ಹೆಜ್ಜೆ. ಹೊಸದಕ್ಕೆ ಹತ್ತೊಂಬತ್ತು ಸಾವಿರ. ನಾವು 20,000 ಹೆಜ್ಜೆಯ ನಾಲ್ಕು ಚೈನ್‌ಗಳನ್ನು ನಾಲ್ಕು ದೂರ ದೂರದ ಜಾಗಗಳಿಂದ ಶುರುಮಾಡಿದೆವು. ನಾಲ್ಕೂ 26%ರ ಆಚೀಚೆ ಒಂದೆರಡು ಅಂಶದೊಳಗೆ ಬಂದವು.

ಹಳೆಯ ಚೈನನ್ನೇ ಹತ್ತು ಲಕ್ಷ ಹೆಜ್ಜೆ ಓಡಿಸಿಯೂ ನೋಡಿದೆವು. ಅದೂ 26ರ ಹತ್ತಿರವೇ ಬಂತು, ದೋಷ 1.4. ಅಂದರೆ ಹಳೆಯ ಕೋಡ್ ತಪ್ಪಾಗಿರಲಿಲ್ಲ, ನಿಧಾನ ಇತ್ತು. ಒಂದೇ ಬಾವಿ ಆಗಿದ್ದರೆ ರಾತ್ರಿಯಿಡೀ ಓಡಿಸಿ ಬಿಡಬಹುದಿತ್ತು. ನಮ್ಮ ಮುಂದೆ ಅರವತ್ತು ಇದ್ದವು.

ಇನ್ನೊಂದು ಮಾತು ಒಪ್ಪಿಕೊಳ್ಳಬೇಕು. ಮೂರೇ ಪ್ಯಾರಾಮೀಟರ್ ಇದ್ದಾಗ ಚೈನೇ ಬೇಡ. ಪ್ರತಿಯೊಂದನ್ನೂ ನೂರು ಭಾಗ ಮಾಡಿ, ಹತ್ತು ಲಕ್ಷ ಚೌಕಗಳ ಮೇಲೆ ನೇರವಾಗಿ ಕೂಡಿಸಿದರೆ ಇಂಟಿಗ್ರಲ್ ಸಿಗುತ್ತದೆ. ನಾವು ಹಾಗೆ ತಾಳೆಯನ್ನೂ ನೋಡಿದೆವು, 26% ಬಂತು. ಚೈನ್ ಬೇಕಾದದ್ದು ಮುಂದಿನ ಹಂತಕ್ಕೆ. ಅಲ್ಲಿ ಅರವತ್ತು ಬಾವಿಗಳ ಓರೆಗಳು ಒಂದರಿಂದ ಒಂದು ಕಲಿಯುವ ಹಾಗೆ ಒಂದೇ ಮಾದರಿ. ನೂರಕ್ಕೂ ಜಾಸ್ತಿ ಪ್ಯಾರಾಮೀಟರ್ ಇದ್ದಲ್ಲಿ ಚೌಕ ಹಾಕಲು ಆಗುವುದಿಲ್ಲ.

ವರದಿಯಲ್ಲಿ ಈಗ ಎರಡು ಅಂಕಿ ಬೇರೆ ಬೇರೆ ಬರೆಯುತ್ತೇವೆ. ಓರೆ ವರ್ಷಕ್ಕೆ 0.42, ಸಡಿಲ 0.042, ಇದು ಮೂವತ್ತೇ ಅಳತೆ ಇರುವುದರಿಂದ ಬಂದ ಅನಿಶ್ಚಿತತೆ. ಚೈನ್ ಎಷ್ಟು ಓಡಿಸಿದರೂ ಕಡಿಮೆ ಆಗುವುದಿಲ್ಲ. ಪಕ್ಕದಲ್ಲಿ ಒಂದು ಚೈನಿನ ಲೆಕ್ಕದ ದೋಷ 0.001, ಇಎಸ್‌ಎಸ್ 2,000. ಇದು ಹೆಜ್ಜೆ ಜಾಸ್ತಿ ಮಾಡಿದರೆ ಇಳಿಯುತ್ತದೆ, ಆದರೆ ಅರ್ಧ ಆಗಲು ನಾಲ್ಕು ಪಟ್ಟು ಕೇಳುತ್ತದೆ. ಮೊದಲ ವರದಿಯಲ್ಲಿ ಓರೆಯ ಲೆಕ್ಕದ ದೋಷ ನಿಜಕ್ಕೂ 0.02 ಇತ್ತು, ಸಡಿಲದ ಅರ್ಧದಷ್ಟು. ಎರಡೂ ಕಲಸಿಹೋದರೆ ನೀರಿನ ಬಗ್ಗೆ ಮಾತಾಡುತ್ತಿದ್ದೇವೋ ನಮ್ಮ ಕೋಡಿನ ಬಗ್ಗೆ ಮಾತಾಡುತ್ತಿದ್ದೇವೋ ಗೊತ್ತಾಗುವುದಿಲ್ಲ.

ಆ ಯುವತಿ ಈಗ ಉಳಿದ ಬಾವಿಗಳನ್ನು ಒಬ್ಬರೇ ನೋಡಿಕೊಳ್ಳುತ್ತಾರೆ. ಸೀಡ್ ಬರೆದಿಡುತ್ತಾರೆ, ನಾಲ್ಕು ಚೈನ್‌ಗಿಂತ ಕಡಿಮೆ ಓಡಿಸುವುದಿಲ್ಲ. ಹೋದ ತಿಂಗಳು ಮತ್ತೆ ನನ್ನ ಮೇಜಿಗೆ ಬಂದರು. ಒಂದು ಬಾವಿಯಲ್ಲಿ ನೀರಿನ ಗತಿ ಯಾವುದೋ ವರ್ಷ ತಟ್ಟನೆ ಬದಲಾಗಿತ್ತು. ಆ ವರ್ಷವನ್ನೂ ಒಂದು ಪ್ಯಾರಾಮೀಟರ್ ಮಾಡಿ, ಒಂದೊಂದೇ ವರ್ಷ ಹಿಂದೆ ಮುಂದೆ ಹೆಜ್ಜೆ ಇಡುವ ಹಾಗೆ ಬರೆದಿದ್ದರು. ಎರಡು ಚೈನ್ 2003 ಅಂದವು, ಎರಡು 2009 ಅಂದವು. ಪ್ರತಿ ಚೈನಿನ ಇಎಸ್‌ಎಸ್ ಸಾವಿರದ ಐನೂರರ ಮೇಲೆ.

"ಸರ್, ಇದಕ್ಕೆ τ ಚೆನ್ನಾಗೇ ಇದೆಯಲ್ಲ?"

ಚೆನ್ನಾಗಿಯೇ ಇತ್ತು. ತಾನು ನಿಂತ ದಿಬ್ಬದ ಮೇಲೆ ಚೈನ್ ಸಲೀಸಾಗಿ ಓಡಾಡುತ್ತಿತ್ತು. ಆಚೆ ಇನ್ನೊಂದು ದಿಬ್ಬ ಇದೆ ಅನ್ನುವುದು ಅದಕ್ಕೆ ಗೊತ್ತೇ ಇರಲಿಲ್ಲ, ಹಾಗಾಗಿ ಅದರ ಇಎಸ್‌ಎಸ್‌ಗೂ ಗೊತ್ತಿರಲಿಲ್ಲ. ಒಂದೇ ಚೈನ್ ಓಡಿಸಿದ್ದರೆ ನಮಗೂ ಗೊತ್ತಾಗುತ್ತಿರಲಿಲ್ಲ. ಐದಾರು ವರ್ಷ ಒಟ್ಟಿಗೆ ಹಾರುವ ಹೆಜ್ಜೆಯನ್ನೂ ಆಗಾಗ ಸೇರಿಸಿ ಓಡಿಸುತ್ತಿದ್ದಾರೆ. ಆ ಬಾವಿಯ ಸಾಲು ವರದಿಯಲ್ಲಿ ಇನ್ನೂ ಖಾಲಿ ಇದೆ.